ಡಿ.ಸಿ. ಮೋಟಾರಿನ ವೇಗದ ಟ್ರಾನ್ಸ್‌ಫರ್ ಫಂಕ್ಷನ್: ಸಿಮ್ಯುಲೇಶನ್‌ನಲ್ಲಿ 40 ಸಾವಿರ ಆರ್‌ಪಿಎಂ ಬರುತ್ತಿದೆ

ಕೊನೇ_ಸೆಮಿಸ್ಟರ್:

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗಾಗಿ 24 ವೋಲ್ಟಿನ, ಕಾಯಂ ಆಯಸ್ಕಾಂತದ ಒಂದು ಬ್ರಷ್ ಮೋಟಾರನ್ನು ತೆಗೆದುಕೊಂಡು, ಕೊಟ್ಟ ವೋಲ್ಟೇಜಿನಿಂದ ಸಿಗುವ ವೇಗದವರೆಗಿನ ಟ್ರಾನ್ಸ್‌ಫರ್ ಫಂಕ್ಷನ್ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಮೋಟಾರಿನ ಜೊತೆ ಬಂದ ಹಾಳೆಯ ಪ್ರಕಾರ ಆರ್ಮೇಚರ್ ರೋಧ 2 ಓಮ್, ಇಂಡಕ್ಟೆನ್ಸ್ 2 ಮಿಲಿಹೆನ್ರಿ, ಟಾರ್ಕ್ ಸ್ಥಿರಾಂಕ ಆಂಪಿಯರಿಗೆ 0.05 ನ್ಯೂಟನ್-ಮೀಟರ್, ಬ್ಯಾಕ್ ಇ.ಎಂ.ಎಫ್. 1000 ಆರ್‌ಪಿಎಂಗೆ 5.24 ವೋಲ್ಟ್, ರೋಟರಿನ ಜಡತ್ವ 5e-5 kg·m². ಲೋಡ್ ಇಲ್ಲದೆ 24 ವೋಲ್ಟಿನಲ್ಲಿ ವೇಗ ಸುಮಾರು 4500 ಆರ್‌ಪಿಎಂ ಮತ್ತು ಕರೆಂಟ್ ಸುಮಾರು 0.1 ಆಂಪಿಯರ್ ಎಂದೂ ಅದರಲ್ಲಿದೆ. ಘರ್ಷಣೆಯ ಗುಣಾಂಕ B ಅನ್ನು ಹಾಳೆಯಲ್ಲಿ ಕೊಟ್ಟಿಲ್ಲವಾದ್ದರಿಂದ ನಾನು 1e-5 ಎಂದು ಇಟ್ಟುಕೊಂಡಿದ್ದೇನೆ.

ಬ್ಯಾಕ್ ಇ.ಎಂ.ಎಫ್. ಸ್ಥಿರಾಂಕವನ್ನು 0.00524 ಎಂದು ಹಾಕಿ ಲೆಕ್ಕ ಮಾಡಿದರೆ 24 ವೋಲ್ಟಿಗೆ ವೇಗ 4255 ರೇಡಿಯನ್/ಸೆಕೆಂಡ್, ಅಂದರೆ 40 ಸಾವಿರ ಆರ್‌ಪಿಎಂ ಮೀರಿ ಬರುತ್ತಿದೆ. ವೇಗ ಏರುವ ಕಾಲಸ್ಥಿರಾಂಕವೂ 0.35 ಸೆಕೆಂಡ್ ಎಂದು ತೋರಿಸುತ್ತಿದೆ. ನಿಜವಾದ ಮೋಟಾರಾದರೋ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ವೇಗಕ್ಕೆ ಬಂದುಬಿಡುತ್ತದೆ. ಸಮೀಕರಣಗಳನ್ನು ಮತ್ತೆ ಮತ್ತೆ ನೋಡಿದೆ, ಅವುಗಳಲ್ಲಿ ದೋಷ ಕಾಣುತ್ತಿಲ್ಲ.

ಸೀದಾ_ಲೆಕ್ಕ:

ಎರಡು ಮಾತು. ಮೊದಲನೆಯದು, ಇಂಡಕ್ಟೆನ್ಸನ್ನು ಬಿಟ್ಟುಬಿಡಿ. ಮೋಟಾರ್ ಎಂದರೆ ಯಾವಾಗಲೂ ಮೊದಲ ದರ್ಜೆಯ ವ್ಯವಸ್ಥೆಯೇ, L ಇಟ್ಟುಕೊಂಡರೆ ಬೀಜಗಣಿತ ಹೆಚ್ಚುತ್ತದೆ, ಫಲ ಹೆಚ್ಚುವುದಿಲ್ಲ. ಎರಡನೆಯದು, B ನಿಮ್ಮ ಊಹೆ ಎಂದು ನೀವೇ ಹೇಳಿದ್ದೀರಿ, ಆದ್ದರಿಂದ ತಪ್ಪು ಇರಬೇಕಾದದ್ದು ಅಲ್ಲೇ. ವೇಗ 4500ಕ್ಕೆ ಇಳಿಯುವವರೆಗೆ B ಅನ್ನು ಹೆಚ್ಚಿಸುತ್ತಾ ಹೋಗಿ. ಸುಮಾರು 0.00113 ಇಟ್ಟರೆ ವೇಗವೂ ಸರಿಹೋಗುತ್ತದೆ, ಕಾಲಸ್ಥಿರಾಂಕವೂ 40 ಮಿಲಿಸೆಕೆಂಡಿಗೆ ಬರುತ್ತದೆ. ನಾನು ಹಾಕಿ ನೋಡಿಯೇ ಬರೆಯುತ್ತಿದ್ದೇನೆ.

ಮಿಕ್ಸಿ_ರಿಪೇರಿ:

ನಮ್ಮ ಮನೆಯ ಮಿಕ್ಸಿಯ ಮೋಟಾರ್ ಕೂಡ ಖಾಲಿ ಜಾರಿನಲ್ಲಿ ಬಹಳ ಜೋರಾಗಿ ಓಡುತ್ತದೆ, ಹಿಟ್ಟು ಹಾಕಿದ ಕೂಡಲೇ ತಗ್ಗುತ್ತದೆ. ನಿಮ್ಮದೂ ಲೋಡ್ ಇಲ್ಲದ್ದರಿಂದಲೇ 40 ಸಾವಿರಕ್ಕೆ ಏರುತ್ತಿರಬಹುದಲ್ಲವೇ? ಲೋಡ್ ಹಾಕಿ ನೋಡಿ.

ಆರ್ಮೇಚರ್_ಅಕ್ಕ:

ಮಿಕ್ಸಿಯದು ಬೇರೆಯೇ ಜಾತಿ. ಅದರಲ್ಲಿ ಫೀಲ್ಡ್ ಸುರುಳಿ ಆರ್ಮೇಚರಿನ ಸರಣಿಯಲ್ಲೇ ಇರುವುದರಿಂದ ಕರೆಂಟ್ ಇಳಿದಂತೆ ಕಾಂತಕ್ಷೇತ್ರವೂ ಇಳಿಯುತ್ತದೆ, ಹಾಗಾಗಿ ಖಾಲಿ ಓಡುವಾಗ ವೇಗ ಏರುತ್ತಲೇ ಹೋಗುತ್ತದೆ. ಅಲ್ಲಿ ಬ್ಯಾಕ್ ಇ.ಎಂ.ಎಫ್. ಕರೆಂಟ್ ಮತ್ತು ವೇಗ ಎರಡರ ಗುಣಲಬ್ಧವಾದ್ದರಿಂದ ಒಂದು ನಿರ್ದಿಷ್ಟ ಕೆಲಸದ ಬಿಂದುವಿನ ಸುತ್ತ ಮಾತ್ರ ಟ್ರಾನ್ಸ್‌ಫರ್ ಫಂಕ್ಷನ್ ಬರೆಯಲು ಬರುತ್ತದೆ. ಪ್ರಶ್ನೆ ಕೇಳಿದವರ ಮೋಟಾರಿನಲ್ಲಿ ಆಯಸ್ಕಾಂತ ಕಾಯಂ ಆಗಿದೆ, ಆದ್ದರಿಂದ ಬ್ಯಾಕ್ ಇ.ಎಂ.ಎಫ್. ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ.

ಈಗ ಮೂಲ ವಿಷಯ. ಸಮೀಕರಣ ಎರಡೇ ಇವೆ. ಕೊಟ್ಟ ವೋಲ್ಟೇಜ್ ಮೂರು ಕಡೆ ಹಂಚಿಹೋಗುತ್ತದೆ: ರೋಧದಲ್ಲಿ ಒಂದಿಷ್ಟು, ಕರೆಂಟ್ ಬದಲಾಗುವಾಗ ಇಂಡಕ್ಟೆನ್ಸಿನಲ್ಲಿ ಒಂದಿಷ್ಟು, ಉಳಿದದ್ದು ಬ್ಯಾಕ್ ಇ.ಎಂ.ಎಫ್. ಎದುರು. ಹಾಗೆಯೇ ಕರೆಂಟಿನಿಂದ ಹುಟ್ಟಿದ ಟಾರ್ಕ್‌ನಿಂದ ಘರ್ಷಣೆ ಮತ್ತು ಲೋಡ್ ತಿಂದದ್ದನ್ನು ಕಳೆದರೆ ಉಳಿಯುವುದು ವೇಗವನ್ನು ಹೆಚ್ಚಿಸುತ್ತದೆ.

```
V = R·i + L·di/dt + Ke·ω
J·dω/dt = Kt·i − B·ω − TL
```

ಲಾಪ್ಲಾಸ್ ರೂಪಕ್ಕೆ ತಂದು, ಲೋಡನ್ನು ಸೊನ್ನೆ ಮಾಡಿ, ಎರಡನೆಯದರಿಂದ ಸಿಗುವ ಕರೆಂಟನ್ನು ಮೊದಲನೆಯದರಲ್ಲಿ ಇಟ್ಟರೆ ಹೀಗೆ ಬರುತ್ತದೆ:

```
ω(s)/V(s) = Kt / [ (L·s + R)(J·s + B) + Kt·Ke ]
```

ಛೇದದ ಕೊನೆಯಲ್ಲಿರುವ Kt·Ke ಎಂಬ ಪದವನ್ನು ಗಮನಿಸಿ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಒಂದರ ಹಿಂದೆ ಒಂದು ನಿಂತ ಎರಡು ಬಿಡಿ ಘಟ್ಟಗಳು. ವಿದ್ಯುತ್ತಿನ ಘಟ್ಟಕ್ಕೆ L/R, ಅಂದರೆ 1 ಮಿಲಿಸೆಕೆಂಡ್, ಯಾಂತ್ರಿಕ ಘಟ್ಟಕ್ಕೆ J/B, ಅಂದರೆ 5 ಸೆಕೆಂಡ್. ಆ ಪದ ಇದ್ದಾಗ ವೇಗವೇ ಹಿಂದಿರುಗಿ ಬಂದು ತನ್ನನ್ನು ಹುಟ್ಟಿಸಿದ ಕರೆಂಟನ್ನು ತಗ್ಗಿಸುತ್ತದೆ. ನಾವು ಯಾವ ಸೆನ್ಸರ್ ಕೂಡಿಸದೆಯೇ ಮೋಟಾರಿನೊಳಗೆ ಇರುವ ಫೀಡ್‌ಬ್ಯಾಕ್ ಇದು, ಮತ್ತು ನಿಮ್ಮ ಮೋಟಾರಿನ ಬಹುಪಾಲು ಡ್ಯಾಂಪಿಂಗ್ ಬರುವುದು ಇದರಿಂದಲೇ. ಹೋಲಿಸಿ ನೋಡಬೇಕೆಂದರೆ, Kt·Ke/R ಕೂಡ ಘರ್ಷಣೆಯ ಗುಣಾಂಕದ ಮಾನದಲ್ಲೇ ಬರುತ್ತದೆ. ನಿಮ್ಮ ಮೋಟಾರಿಗೆ ಅದು 0.00125, ನೀವು ಇಟ್ಟ B ಆದರೋ 0.00001. ನೂರಿಪ್ಪತ್ತೈದು ಪಟ್ಟು ವ್ಯತ್ಯಾಸ.

ನಿಮ್ಮ ತೊಂದರೆ ಇಲ್ಲೇ ಇದೆ. ಹಾಳೆಯ 5.24 ವೋಲ್ಟ್ 1000 ಆರ್‌ಪಿಎಂಗೆ. ಅದನ್ನು ಸಾವಿರದಿಂದ ಭಾಗಿಸಿದರೆ ಒಂದು ಆರ್‌ಪಿಎಂಗೆ ಎಷ್ಟು ಎಂಬುದು ಸಿಗುತ್ತದೆ, ಆದರೆ ನಿಮ್ಮ ಸಮೀಕರಣದಲ್ಲಿ ವೇಗ ರೇಡಿಯನ್/ಸೆಕೆಂಡಿನಲ್ಲಿದೆ. 1000 ಆರ್‌ಪಿಎಂ ಎಂದರೆ 104.7 ರೇಡಿಯನ್/ಸೆಕೆಂಡ್, ಆದ್ದರಿಂದ Ke = 5.24/104.7 = 0.05. ಟಾರ್ಕ್ ಸ್ಥಿರಾಂಕವೂ 0.05 ಆಗಿರುವುದು ಕಾಕತಾಳೀಯವಲ್ಲ. ಬ್ಯಾಕ್ ಇ.ಎಂ.ಎಫ್. ಗುಣಿಸು ಕರೆಂಟ್ ಎಂಬ ವಿದ್ಯುತ್ ಶಕ್ತಿಯೇ ಟಾರ್ಕ್ ಗುಣಿಸು ವೇಗ ಎಂಬ ಯಾಂತ್ರಿಕ ಶಕ್ತಿಯಾಗಿ ಮಾರ್ಪಡುವುದರಿಂದ, ಎಸ್.ಐ. ಮಾನದಲ್ಲಿ ಇವೆರಡೂ ಒಂದೇ ಅಂಕಿಯಾಗಿರಬೇಕು. ಹಾಗೆ ಬಾರದಿದ್ದರೆ ಮುಂದಿನ ಸಾಲನ್ನು ಬರೆಯುವ ಮೊದಲು ಮಾನಗಳನ್ನು ನೋಡಬೇಕು.

ಕೊನೇ_ಸೆಮಿಸ್ಟರ್:

ಧನ್ಯವಾದಗಳು, ಮೇಡಂ. ಎರಡೂ ಕಡೆ 0.05 ಇಟ್ಟು ಓಡಿಸಿದೆ.

```python
from scipy import signal
R, L, K, J, B = 2.0, 2e-3, 0.05, 5e-5, 1e-5
G = signal.TransferFunction([K], [L*J, R*J + L*B, R*B + K*K])
print(G.poles)
```

ಪೋಲ್‌ಗಳು −974 ಮತ್ತು −25.9 ಎಂದು ಬಂದವು, 24 ವೋಲ್ಟಿಗೆ ವೇಗ 476 ರೇಡಿಯನ್/ಸೆಕೆಂಡ್, ಅಂದರೆ 4550 ಆರ್‌ಪಿಎಂ ಆಸುಪಾಸು. ಆದರೆ ಒಂದು ಸಂದೇಹ ಉಳಿದಿದೆ. ಸೀದಾ_ಲೆಕ್ಕ ಅವರು ಹೇಳಿದಂತೆ ಹಳೆಯ Ke ಇಟ್ಟುಕೊಂಡು B ಹೆಚ್ಚಿಸಿದರೂ ಹೆಚ್ಚುಕಡಿಮೆ ಇದೇ ವಕ್ರರೇಖೆ ಬರುತ್ತದೆ. ಹಾಗಾದರೆ ಅವರ ದಾರಿ ತಪ್ಪು ಎಂದು ಹೇಗೆ ಹೇಳುವುದು?

ಸೀದಾ_ಲೆಕ್ಕ:

ಅದನ್ನೇ ನಾನೂ ಕೇಳಬೇಕೆಂದಿದ್ದೆ. ವೋಲ್ಟೇಜ್ ಕೊಟ್ಟರೆ ವೇಗ ಸರಿಯಾಗಿ ಬರುತ್ತದೆ ಎಂದಾದ ಮೇಲೆ, ಡ್ಯಾಂಪಿಂಗ್ ಯಾವ ಪದದಿಂದ ಬಂದಿತು ಎಂಬುದು ಕಂಟ್ರೋಲರಿಗೆ ಹೇಗೆ ತಿಳಿಯಬೇಕು?

ಆರ್ಮೇಚರ್_ಅಕ್ಕ:

ವೇಗವನ್ನು ಮಾತ್ರ ನೋಡುತ್ತಿದ್ದರೆ ತಿಳಿಯುವುದಿಲ್ಲ, ಅದು ನಿಜ. ಛೇದದ ಸ್ಥಿರ ಪದ R·B + Kt·Ke ಎಂಬ ಮೊತ್ತ. ಮೊತ್ತ ಒಂದೇ ಆಗಿದ್ದರೆ ಗಳಿಕೆಯೂ ನಿಧಾನದ ಪೋಲೂ ಬಹುತೇಕ ಒಂದೇ ಆಗುತ್ತವೆ. ಆದರೆ ಕರೆಂಟನ್ನು ಕೇಳಿ ನೋಡಿ. ಸ್ಥಿರ ವೇಗದಲ್ಲಿ ಕರೆಂಟ್ B·ω/Kt. ನಿಮ್ಮ 0.00113 ಇಟ್ಟರೆ ಖಾಲಿ ಓಡುವ ಮೋಟಾರ್ 10.8 ಆಂಪಿಯರ್ ಎಳೆಯಬೇಕಾಗುತ್ತದೆ, ಅಂದರೆ ಆರ್ಮೇಚರಿನ 2 ಓಮ್‌ನಲ್ಲೇ 230 ವಾಟ್‌ಗೂ ಹೆಚ್ಚು ಶಾಖ. ಮುಂಗೈಯಷ್ಟಿರುವ ಮೋಟಾರ್ ಕೆಲವೇ ನಿಮಿಷಗಳಲ್ಲಿ ಹೊಗೆಯಾಡಬೇಕು. ಹಾಳೆ ಹೇಳುವುದು 0.1 ಆಂಪಿಯರ್, ಪ್ರಶ್ನೆ ಕೇಳಿದವರು ಇಟ್ಟ 1e-5ರಿಂದ ಬರುವುದು 0.095. ಅವರ ಊಹೆ ಸರಿಯಾದ ಜಾಗದಲ್ಲೇ ಇತ್ತು.

ವೈಂಡಿಂಗ್_ಪೀಣ್ಯ:

ನಾನು ಲಾಪ್ಲಾಸ್ ಓದಿದವನಲ್ಲ, ಪೀಣ್ಯದಲ್ಲಿ ಮೋಟಾರುಗಳ ವೈಂಡಿಂಗ್ ಮತ್ತು ಬ್ರಷ್ ಕೆಲಸ ಮಾಡಿಕೊಂಡಿರುವವನು. ಆದರೆ ಅಕ್ಕ ಹೇಳುತ್ತಿರುವುದನ್ನು ನಾವು ದಿನವೂ ಕೈಯಲ್ಲೇ ನೋಡುತ್ತೇವೆ. ಆಯಸ್ಕಾಂತದ ಮೋಟಾರ್ ಬಂದರೆ ಮೊದಲು ಎರಡು ವಯರುಗಳನ್ನೂ ಬಿಡಿಯಾಗಿಟ್ಟು ಶಾಫ್ಟನ್ನು ಬೆರಳಿನಿಂದ ತಿರುಗಿಸುತ್ತೇವೆ, ಸಲೀಸಾಗಿ ತಿರುಗುತ್ತದೆ. ಆಮೇಲೆ ಎರಡು ವಯರುಗಳನ್ನು ಒಂದಕ್ಕೊಂದು ಮುಟ್ಟಿಸಿ ತಿರುಗಿಸಿದರೆ, ವೈಂಡಿಂಗ್ ಸರಿಯಿದ್ದಲ್ಲಿ, ಬೆರಳಿಗೆ ಬಿಗಿ ಗೊತ್ತಾಗುತ್ತದೆ. ಬಿಗಿ ಬಾರದಿದ್ದರೆ ಬ್ರಷ್ ಸವೆದಿದೆ ಅಥವಾ ಸುರುಳಿ ತುಂಡಾಗಿದೆ ಎಂದು ಅರ್ಥ. ಓಡುತ್ತಿರುವ ಮೋಟಾರಿನ ಸಪ್ಲೈ ತೆಗೆದರೆ ಅದು ಕೆಲವು ಸೆಕೆಂಡು ಸುತ್ತುತ್ತಲೇ ಇರುತ್ತದೆ, ವಯರು ಕೂಡಿಸಿದರೆ ಅಲ್ಲೇ ನಿಲ್ಲುತ್ತದೆ. ಬೇರಿಂಗ್ ಅದೇ, ಗಾಳಿ ಅದೇ. ಹಾಗಿದ್ದ ಮೇಲೆ ಹಿಡಿತ ಬೇರಿಂಗಿನದು ಹೇಗಾದೀತು?

ಇನ್ನೊಂದು. ಹಾಳೆಯಲ್ಲಿರುವ 2 ಓಮನ್ನು ನಂಬಬೇಡಿ. ಮಲ್ಟಿಮೀಟರ್ ಇಟ್ಟು ಶಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಪ್ರತಿ ಸಲವೂ ಬೇರೆ ಬೇರೆ ಓದು ಬರುತ್ತದೆ.

ಆರ್ಮೇಚರ್_ಅಕ್ಕ:

ಇದಕ್ಕಿಂತ ಒಳ್ಳೆಯ ಪ್ರಯೋಗ ನನ್ನ ಬಳಿಯೂ ಇಲ್ಲ. ವಯರು ಬಿಡಿಯಾಗಿದ್ದರೆ ಕರೆಂಟ್ ಸೊನ್ನೆ, ಆಗ ವೇಗ ಇಳಿಯುವುದು J/B ಪ್ರಕಾರ, ಸೆಕೆಂಡುಗಳ ಲೆಕ್ಕದಲ್ಲಿ. ವಯರು ಕೂಡಿಸಿದರೆ V ಸೊನ್ನೆ, ಆಗ ಇಳಿಯುವುದು ಇದೇ ಟ್ರಾನ್ಸ್‌ಫರ್ ಫಂಕ್ಷನ್ನಿನ ಪೋಲ್ ಪ್ರಕಾರ, ನಲವತ್ತು ಮಿಲಿಸೆಕೆಂಡಿನ ಲೆಕ್ಕದಲ್ಲಿ. B ಹೆಚ್ಚಿಸಿದ ಮಾದರಿಯಲ್ಲಿ ಬಿಡಿ ವಯರಿನ ಮೋಟಾರ್ ಕೂಡ 44 ಮಿಲಿಸೆಕೆಂಡಿನ ಕಾಲಸ್ಥಿರಾಂಕದಲ್ಲೇ ನಿಂತುಬಿಡಬೇಕು. ಪೀಣ್ಯದವರು ನೋಡುವುದು ಅದನ್ನಲ್ಲ.

ಕಂಟ್ರೋಲರಿಗೂ ಇದು ಮುಖ್ಯ. ನಾಳೆ ನೀವು ಒಳಗಡೆ ಕರೆಂಟ್ ನಿಯಂತ್ರಣದ ಲೂಪ್ ಕೂಡಿಸಿದರೆ, ಆ ಲೂಪ್ ಬ್ಯಾಕ್ ಇ.ಎಂ.ಎಫ್. ಏರಿದಷ್ಟೂ ವೋಲ್ಟೇಜನ್ನು ಏರಿಸಿ ಕರೆಂಟನ್ನು ಹಿಡಿದಿಡುತ್ತದೆ. ಆಗ ಮೋಟಾರಿನ ಸಹಜ ಡ್ಯಾಂಪಿಂಗ್ ಮಾಯವಾಗಿ, ಹೊರಗಿನ ವೇಗದ ಲೂಪಿಗೆ ಕಾಣುವುದು 5 ಸೆಕೆಂಡಿನ ಆ ಸೋಮಾರಿ ಪೋಲ್. ಬಲವಂತವಾಗಿ ಹೆಚ್ಚಿಸಿದ B ಇಟ್ಟುಕೊಂಡು ಲೂಪ್ ಹೊಂದಿಸಿದವರಿಗೆ ಅಲ್ಲಿ ಏಟು ಬೀಳುತ್ತದೆ.

ಇಂಡಕ್ಟೆನ್ಸಿನ ವಿಷಯದಲ್ಲಿ ಸೀದಾ_ಲೆಕ್ಕ ಅವರ ಮಾತು ಈ ಮೋಟಾರಿಗೆ ಸರಿ, "ಯಾವಾಗಲೂ" ಎಂಬುದು ಸರಿಯಲ್ಲ. ಇಲ್ಲಿ R·J/K² 40 ಮಿಲಿಸೆಕೆಂಡ್, L/R 1 ಮಿಲಿಸೆಕೆಂಡ್. ಇಷ್ಟು ಅಂತರವಿರುವಾಗ ವೇಗದ ವಕ್ರರೇಖೆಯಲ್ಲಿ L ಕಾಣಿಸುವುದಿಲ್ಲ. B ಅನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ವಿದ್ಯುತ್ತಿನ ಕಾಲಸ್ಥಿರಾಂಕ ಯಾಂತ್ರಿಕದ ಕಾಲು ಭಾಗವನ್ನು ಮೀರಿದಾಗ ಎರಡು ಪೋಲ್‌ಗಳೂ ಸಂಕೀರ್ಣ ಜೋಡಿಯಾಗಿ ವೇಗ ಗುರಿಯನ್ನು ದಾಟಿ ಹಿಂದಿರುಗತೊಡಗುತ್ತದೆ. ನಿಮ್ಮ ಮೋಟಾರಿನಲ್ಲಿ ಹಾಗಾಗಲು L 20 ಮಿಲಿಹೆನ್ರಿ ದಾಟಬೇಕು. ಸರಣಿಯಲ್ಲಿ ದೊಡ್ಡ ಚೋಕ್ ಹಾಕಿದವರಿಗೆ ಇದು ದೂರದ ಮಾತಲ್ಲ. ಅಲ್ಲದೆ ವೇಗದಲ್ಲಿ ಕಾಣದ L ಕರೆಂಟಿನಲ್ಲಿ ಕಾಣುತ್ತದೆ. 24 ವೋಲ್ಟನ್ನು ಒಮ್ಮೆಲೇ ಕೊಟ್ಟರೆ L ಇಲ್ಲದ ಮಾದರಿ ಆ ಕ್ಷಣದಲ್ಲೇ 12 ಆಂಪಿಯರ್ ತೋರಿಸುತ್ತದೆ. L ಇರುವ ಮಾದರಿಯಲ್ಲಿ ಕರೆಂಟ್ ಸೊನ್ನೆಯಿಂದ ಏರಿ ಸುಮಾರು 3.8 ಮಿಲಿಸೆಕೆಂಡಿಗೆ 11.2 ಆಂಪಿಯರ್ ಮುಟ್ಟಿ ಇಳಿಯುತ್ತದೆ. ಆಸಿಲೋಸ್ಕೋಪಿನಲ್ಲಿ ಕಾಣುವುದು ಎರಡನೆಯದು.

ಸೀದಾ_ಲೆಕ್ಕ:

ಕರೆಂಟಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಬರಿಯ ವೇಗದ ಪಿ.ಐ. ಕಂಟ್ರೋಲರ್ ಬರೆಯುವವರಿಗೆ ಮೊದಲ ದರ್ಜೆಯ ಮಾದರಿಯೇ ಸಾಕು ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಹೊಸ_ಓದುಗ:

ಮಧ್ಯೆ ಬಂದದ್ದಕ್ಕೆ ಕ್ಷಮೆಯಿರಲಿ. ನನ್ನ ಬಳಿ ಎಸ್.ಪಿ. ರಸ್ತೆಯಿಂದ ತಂದ ಹಳೆಯ ಮೋಟಾರ್ ಇದೆ, ಹಾಳೆ ಗೀಳೆ ಏನೂ ಇಲ್ಲ. L298 ಬೋರ್ಡಿನಲ್ಲಿ ಓಡಿಸುತ್ತಿದ್ದೇನೆ. ಈ ಅಂಕಿಗಳನ್ನು ಎಲ್ಲಿಂದ ತರುವುದು?

ಆರ್ಮೇಚರ್_ಅಕ್ಕ:

ಬೇರೆ ಮೋಟಾರ್ ಅಥವಾ ಡ್ರಿಲ್ಲಿನಿಂದ ಅದರ ಶಾಫ್ಟನ್ನು ತಿರುಗಿಸಿ, ತೆರೆದ ವಯರುಗಳ ವೋಲ್ಟೇಜನ್ನು ವೇಗದಿಂದ ಭಾಗಿಸಿದರೆ Ke ಸಿಗುತ್ತದೆ. ಕರೆಂಟ್ ಇಲ್ಲದಿರುವುದರಿಂದ ಈ ಅಳತೆಗೆ R ಅಡ್ಡ ಬರುವುದಿಲ್ಲ. ವೋಲ್ಟೇಜನ್ನು ಮಾತ್ರ ಬೋರ್ಡಿನ ಮುಂದೆ ಅಳೆಯದೆ ಮೋಟಾರಿನ ಕಾಲುಗಳಲ್ಲೇ ಅಳೆಯಿರಿ. L298ರಲ್ಲಿ ಒಂದು ಆಂಪಿಯರ್ ಹರಿಯುವಾಗ ಸುಮಾರು 2 ವೋಲ್ಟ್ ಒಳಗೇ ಕಳೆದುಹೋಗುತ್ತದೆ, ಮತ್ತು ಆ ನಷ್ಟ ಕರೆಂಟಿಗೆ ನೇರ ಅನುಪಾತದಲ್ಲಿಯೂ ಇರುವುದಿಲ್ಲ.

ಕೊನೇ_ಸೆಮಿಸ್ಟರ್:

ಪ್ರಯೋಗಾಲಯದಲ್ಲಿ ಅಳತೆ ಮಾಡಿ ಬಂದೆ. ನಿಂತಲ್ಲಿಂದ ಶುರು ಮಾಡದೆ, 12 ವೋಲ್ಟಿನಲ್ಲಿ ಓಡುತ್ತಿದ್ದ ಮೋಟಾರಿಗೆ ಒಮ್ಮೆಲೇ 18 ವೋಲ್ಟ್ ಕೊಟ್ಟೆ. ಮಾದರಿಯ ಪ್ರಕಾರ ವೇಗ 1137 ಆರ್‌ಪಿಎಂ ಏರಬೇಕಿತ್ತು, ಅಳತೆಯಲ್ಲಿ ಬಂದದ್ದು ಸುಮಾರು 1140. ಆದರೆ ಏರಿಕೆಯ 63 ಶೇಕಡಾ ಮುಟ್ಟಲು ಮಾದರಿ 40 ಮಿಲಿಸೆಕೆಂಡ್ ಹೇಳಿದರೆ, ಅಳತೆ 51 ಹೇಳುತ್ತಿದೆ. ವೇಗ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡು, ಸಮಯ ಮಾತ್ರ ಕಾಲು ಭಾಗದಷ್ಟು ತಪ್ಪುವುದು ವಿಚಿತ್ರವೆನಿಸುತ್ತಿದೆ.

ಆರ್ಮೇಚರ್_ಅಕ್ಕ:

ಓಡುತ್ತಿರುವ ಸ್ಥಿತಿಯಿಂದ ಹೆಜ್ಜೆ ಕೊಟ್ಟದ್ದು ಬಹಳ ಒಳ್ಳೆಯದಾಯಿತು. ಬ್ರಷ್ಷಿನ ಒಣ ಘರ್ಷಣೆ ವೇಗ ಎಷ್ಟೇ ಇದ್ದರೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅದು B·ω ಎಂಬ ಪದದಲ್ಲಿ ಕೂರುವುದಿಲ್ಲ, ಸ್ಥಿರವಾದ ಲೋಡ್ ಟಾರ್ಕ್‌ನಂತೆ ವರ್ತಿಸುತ್ತದೆ. ಹೆಜ್ಜೆಯ ಮೊದಲೂ ಆಮೇಲೂ ಅದು ಅಷ್ಟೇ ಇರುವುದರಿಂದ ವ್ಯತ್ಯಾಸದಲ್ಲಿ ಕಳೆದುಹೋಗುತ್ತದೆ.

ನೀವು ಕಂಡದ್ದು ವಿಚಿತ್ರವೇನಲ್ಲ. B ಚಿಕ್ಕದಿರುವಾಗ ಗಳಿಕೆ ಬಹುತೇಕ 1/K ಮಾತ್ರ. ಅದರಲ್ಲಿ R ಇಲ್ಲ, J ಇಲ್ಲ. ಕಾಲಸ್ಥಿರಾಂಕ R·J/K². ಗಳಿಕೆ ಹೊಂದಿಕೊಂಡಿತೆಂದರೆ K ಸರಿಯಿದೆ, ಆದ್ದರಿಂದ ತಪ್ಪಿರುವುದು R ಅಥವಾ J. ಇವೆರಡನ್ನು ಬೇರೆ ಮಾಡಲು ಸ್ಥಿರ ವೇಗದಲ್ಲಿ ಅಳೆಯಿರಿ, ಅಲ್ಲಿ J ಬರುವುದೇ ಇಲ್ಲ. 12 ವೋಲ್ಟಿನಲ್ಲಿ ಖಾಲಿ ಓಡಿಸಿ ಕರೆಂಟನ್ನೂ ವೇಗವನ್ನೂ ಬರೆದುಕೊಳ್ಳಿ, ಆಮೇಲೆ ಶಾಫ್ಟಿಗೆ ಬಟ್ಟೆ ಸುತ್ತಿ ಸ್ವಲ್ಪ ಬಿಗಿಹಿಡಿದು ಮತ್ತೊಮ್ಮೆ ಬರೆದುಕೊಳ್ಳಿ. ಬಟ್ಟೆಯ ತುದಿ ಸಡಿಲವಾಗಿ ನೇತಾಡದಂತೆ ಎಚ್ಚರವಿರಲಿ. ಟಾರ್ಕ್ ಎಷ್ಟೆಂದು ಅಳೆಯುವ ಅಗತ್ಯವಿಲ್ಲ.

ಕೊನೇ_ಸೆಮಿಸ್ಟರ್:

ಮಾಡಿದೆ. ಖಾಲಿ ಓಡುವಾಗ 0.1 ಆಂಪಿಯರ್, 2248 ಆರ್‌ಪಿಎಂ. ಬಿಗಿಹಿಡಿದಾಗ 1.1 ಆಂಪಿಯರ್, 1809 ಆರ್‌ಪಿಎಂ. ವೇಗ 46 ರೇಡಿಯನ್/ಸೆಕೆಂಡ್ ಇಳಿದಿದೆ, ಅದನ್ನು 0.05ರಿಂದ ಗುಣಿಸಿದರೆ ಒಂದು ಆಂಪಿಯರಿಗೆ 2.3 ವೋಲ್ಟ್. ಅಂದರೆ R ಎಂದು ಹಾಕಬೇಕಾದದ್ದು 2 ಅಲ್ಲ, 2.3 ಓಮ್. ವೋಲ್ಟೇಜನ್ನು ನಾನು ಸಪ್ಲೈಯಲ್ಲಿ ಓದಿದ್ದರಿಂದ ಮಾಸ್ಫೆಟ್ ಬ್ರಿಜ್ ಮತ್ತು ವಯರುಗಳ ರೋಧವೂ ಇದರಲ್ಲಿ ಸೇರಿದೆ.

ಇದರಿಂದ ಸಮಯ 46 ಮಿಲಿಸೆಕೆಂಡಿಗೆ ಬಂತು. ಶಾಫ್ಟಿನ ಮೇಲೆ 40 ಮಿಲಿಮೀಟರ್ ವ್ಯಾಸದ, 20 ಗ್ರಾಂ ತೂಕದ ಒಂದು ಗುಂಡನೆಯ ಬಿಲ್ಲೆ ಇದೆ, ವೇಗ ಅಳೆಯುವ ಎನ್‌ಕೋಡರಿನದು. ಅದರ ಜಡತ್ವ 4e-6 ಸೇರಿಸಿದರೆ 49. ಇನ್ನೂ 2 ಮಿಲಿಸೆಕೆಂಡ್ ಉಳಿಯಿತು.

ವೈಂಡಿಂಗ್_ಪೀಣ್ಯ:

ಮೋಟಾರ್ ಬಿಸಿಯಾಗಿತ್ತೇ? ತಾಮ್ರದ ರೋಧ ಬಿಸಿಗೆ ಏರುತ್ತದೆ. ಹತ್ತು ಡಿಗ್ರಿ ಏರಿದರೆ ಸುಮಾರು ನೂರಕ್ಕೆ ನಾಲ್ಕು ಹೆಚ್ಚು. ಬೆಳಗಿನ ಅಳತೆಯೂ ಮಧ್ಯಾಹ್ನದ ಅಳತೆಯೂ ಒಂದೇ ಬರಬೇಕೆಂದು ನಾವು ಯಾವತ್ತೂ ಅಪೇಕ್ಷಿಸುವುದಿಲ್ಲ.

ಸೀದಾ_ಲೆಕ್ಕ:

ವೇಗವನ್ನು ಎಷ್ಟು ಹೊತ್ತಿನ ಸರಾಸರಿ ತೆಗೆದು ಓದುತ್ತಿದ್ದೀರಿ?

ಕೊನೇ_ಸೆಮಿಸ್ಟರ್:

ಎನ್‌ಕೋಡರಿನ ಎಣಿಕೆಯನ್ನು 10 ಮಿಲಿಸೆಕೆಂಡಿಗೊಮ್ಮೆ ತೆಗೆದುಕೊಳ್ಳುತ್ತಿದ್ದೇನೆ.

ಸೀದಾ_ಲೆಕ್ಕ:

ಹಾಗಾದರೆ ನಿಮ್ಮ ವಕ್ರರೇಖೆ ಸರಾಸರಿ 5 ಮಿಲಿಸೆಕೆಂಡ್ ತಡವಾಗಿ ಕಾಣುತ್ತದೆ. ಉಳಿದ 2 ಮಿಲಿಸೆಕೆಂಡ್ ಮೋಟಾರಿನದ್ದಲ್ಲ, ನಿಮ್ಮ ಅಳತೆಯದ್ದು.

ಆರ್ಮೇಚರ್_ಅಕ್ಕ:

ಅಷ್ಟಕ್ಕೇ ನಿಲ್ಲುವುದಿಲ್ಲ. 49ಕ್ಕೆ 5 ಸೇರಿಸಿದರೆ 54 ಆಗುತ್ತದೆ, ಅಳತೆ 51. ಈಗ ಮೂರು ಮಿಲಿಸೆಕೆಂಡ್ ಹೆಚ್ಚಾಯಿತು. ಹಾಳೆಯ J ನಿಜಕ್ಕಿಂತ ದೊಡ್ಡದಿರಬಹುದು, ಇಲ್ಲವೇ 2.3 ಓಮ್‌ನಲ್ಲಿ ಒಂದು ಪಾಲು ಬ್ರಷ್ಷಿನ ನಷ್ಟವಾಗಿರಬಹುದು. ಬ್ರಷ್ಷಿನಲ್ಲಿ ಕಳೆಯುವ ವೋಲ್ಟೇಜ್ ಕರೆಂಟ್ ಏರಿದಷ್ಟು ಏರುವುದಿಲ್ಲ, ಆದ್ದರಿಂದ 0.1 ಮತ್ತು 1.1 ಆಂಪಿಯರಿನ ನಡುವೆ ಕಂಡ ಇಳಿಜಾರು ನಿಮ್ಮ ಹೆಜ್ಜೆಯಲ್ಲಿ ಹರಿದ ಸುಮಾರು 2.5 ಆಂಪಿಯರಿನ ಹತ್ತಿರ ಹಾಗೆಯೇ ಉಳಿಯಬೇಕೆಂದೇನಿಲ್ಲ. ಎಣಿಕೆಯ ಅವಧಿಯನ್ನು 2 ಮಿಲಿಸೆಕೆಂಡಿಗೆ ಇಳಿಸಿ ಅದೇ ಹೆಜ್ಜೆಯನ್ನು ಮತ್ತೆ ಕೊಡಿ, ಬಟ್ಟೆಯ ಪ್ರಯೋಗವನ್ನು 2 ಮತ್ತು 3 ಆಂಪಿಯರಿನ ನಡುವೆಯೂ ಒಮ್ಮೆ ಮಾಡಿ.

ಕೊನೇ_ಸೆಮಿಸ್ಟರ್:

2 ಮಿಲಿಸೆಕೆಂಡಿಗೆ ಇಳಿಸಿದರೆ ಈ ಎನ್‌ಕೋಡರಿನಲ್ಲಿ ಎಣಿಕೆ ತೀರಾ ಕಡಿಮೆಯಾಗಿ ವೇಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೊದಲು ಕರೆಂಟಿನ ಪ್ರಯೋಗವನ್ನು ಮಾಡಿ, ಮೋಟಾರ್ ತಣ್ಣಗಿರುವಾಗಿನ ಮತ್ತು ಬಿಸಿಯಾದ ಮೇಲಿನ ಅಂಕಿಗಳನ್ನು ಇದೇ ಎಳೆಯಲ್ಲಿ ಹಾಕುತ್ತೇನೆ.